ಅರಗಿನ ಗೊಂಬೆ ತಿರುಗುವಾಗ ಬೆಳಕು ಎಲ್ಲಿರಬೇಕು?

ಚನ್ನಪಟ್ಟಣದ ಗೊಂಬೆಯೊಂದನ್ನು ತಿರುಗುವ ಪೀಠದ ಮೇಲಿಟ್ಟು, ಆನ್‌ಲೈನ್ ಅಂಗಡಿಗೆಂದು ಮೊಬೈಲಿನಲ್ಲಿ ವಿಡಿಯೊ ತೆಗೆದು ನೋಡಿ. ಗೊಂಬೆಗಿಂತ ಮೊದಲು ಕಣ್ಣಿಗೆ ಬೀಳುವುದು ಕೋಣೆಯೇ. ದುಂಡು ತಲೆಯ ಮೇಲೆ ಟ್ಯೂಬ್‌ಲೈಟಿನ ಗೆರೆ, ಕಿಟಕಿಯ ಸರಳು, ನಡುವೆ ಮೊಬೈಲ್ ಹಿಡಿದು ನಿಂತವರ ಕಪ್ಪು ಆಕೃತಿ, ಎಲ್ಲವೂ ಇರುತ್ತವೆ.

ಇದಕ್ಕೆ ಕಾರಣ ಆ ಗೊಂಬೆ ಮಾಡುವ ರೀತಿಯಲ್ಲೇ ಇದೆ. ಆಲೆ ಮರದ ತುಂಡು ಲೇತ್‌ನಲ್ಲಿ ರಭಸವಾಗಿ ತಿರುಗುತ್ತಿರುವಾಗ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಆಮೇಲೆ ಕೇದಗೆ ಜಾತಿಯ ಗಿಡದ ಎಲೆಯಿಂದ ತಿಕ್ಕಿ ಮಿರುಗು ತರುತ್ತಾರೆ. ಅಷ್ಟು ನುಣುಪಾದ ಮೇಲ್ಮೈ ಕನ್ನಡಿಯ ಕೆಲಸ ಮಾಡುತ್ತದೆ. ಅದು ದುಂಡಗೂ ಇರುವುದರಿಂದ, ಮುಂದೆ, ಪಕ್ಕದಲ್ಲಿ, ಮೇಲೆ ಇರುವುದೆಲ್ಲವನ್ನೂ ಚಿಕ್ಕದಾಗಿ ಹಿಡಿದು ತೋರಿಸುತ್ತದೆ.

ಹಾಗಾಗಿ ಇಂಥ ವಸ್ತುವಿನಲ್ಲಿ ಪ್ರತಿಫಲನವನ್ನು ಪೂರ್ತಿ ತೆಗೆಯಲು ಹೊರಡುವುದು ತಪ್ಪು ದಾರಿ. ಮಿರುಗು ಹೋದರೆ ಅರಗಿನ ಗೊಂಬೆ ಸೀಮೆಸುಣ್ಣಕ್ಕೆ ಬಣ್ಣ ಬಳಿದಂತೆ ಕಾಣುತ್ತದೆ. ಅದರಲ್ಲಿ ಏನು ಪ್ರತಿಫಲಿಸಬೇಕು ಎಂಬುದನ್ನು ನಾವೇ ಗೊತ್ತುಮಾಡಬೇಕು. ಕೋಣೆಯ ಬದಲು ಒಂದೇ ಸಮನಾದ, ಅಂಚು ಕಾಣದ ಬಿಳುಪು ಪ್ರತಿಫಲಿಸಿದರೆ ನೋಡುವವರ ಕಣ್ಣಿಗೆ ಅದು ಪ್ರತಿಫಲನ ಅನ್ನಿಸುವುದೇ ಇಲ್ಲ, ಹೊಳಪು ಅನ್ನಿಸುತ್ತದೆ.

ತಿರುಗುವಾಗ ಇನ್ನೊಂದು ವಿಚಾರ ಸೇರಿಕೊಳ್ಳುತ್ತದೆ. ಲೇತ್‌ನಲ್ಲಿ ಕಡೆದ ವಸ್ತು ಎಲ್ಲ ಕಡೆಯಿಂದಲೂ ಒಂದೇ ಆಕಾರದ್ದು. ಅದು ಸುತ್ತುತ್ತಿದ್ದರೂ ಹೊಳಪು ನಿಂತಲ್ಲೇ ನಿಂತಿರುತ್ತದೆ; ಬರೆದ ಕಣ್ಣು, ಮೂಗು, ಸೀರೆಯಂಚು ಮಾತ್ರ ಚಲಿಸುತ್ತವೆ. ಲೈಟು ಎಡಗಡೆ ಕಣ್ಣಿನ ಮಟ್ಟಕ್ಕಿದೆ ಎಂದುಕೊಳ್ಳಿ. ಮುಖ ಎಡಕ್ಕೆ ಬಂದಾಗ ಬರೆದ ಕಣ್ಣು ಆ ಬಿಳಿ ಮಚ್ಚೆಯ ಕೆಳಗೆ ಹಾದು ಕ್ಷಣಕಾಲ ಅಳಿಸಿಹೋಗುತ್ತದೆ, ಮತ್ತೆ ಕಾಣುತ್ತದೆ. ಪ್ರತಿ ಸುತ್ತಿನಲ್ಲೂ ಹೀಗೇ ಆಗುತ್ತದೆ. ಇದರ ಪರಿಹಾರ ಸುಲಭ. ತಿರುಗುವ ವಸ್ತುವಿನ ಮೇಲೆ ಬರೆದದ್ದು ಸುತ್ತ ಹೋಗುತ್ತದೆಯೇ ಹೊರತು ಮೇಲೆ ಕೆಳಗೆ ಹೋಗುವುದಿಲ್ಲ. ಹೊಳಪನ್ನು ಕಣ್ಣಿಗಿಂತ ಮೇಲೆ, ಹಣೆಯ ಮೇಲ್ಭಾಗಕ್ಕೆ ತಂದು ನಿಲ್ಲಿಸಿದರೆ ಮುಖ ಎತ್ತ ತಿರುಗಿದರೂ ಕಣ್ಣು ಅದರ ಕೆಳಗೆ ಹಾಯುವುದಿಲ್ಲ.

ಲೈಟನ್ನು ಎಷ್ಟು ಎತ್ತರಿಸಬೇಕು? ಕ್ಯಾಮೆರಾ ಗೊಂಬೆಯ ತಲೆಯ ಮಟ್ಟದಲ್ಲಿದ್ದರೆ, ದುಂಡನೆಯ ತಲೆಯ ಮೇಲೆ ಹೊಳಪು ಬೀಳುವುದು ಲೈಟಿನ ಕೋನದ ಅರ್ಧಕ್ಕೆ. ಮುಂದಿನಿಂದ 60 ಡಿಗ್ರಿ ಎತ್ತರದಲ್ಲಿ ಬೆಳಕಿದ್ದರೆ ಹೊಳಪು ತಲೆಯ ನಡುಮಟ್ಟದಿಂದ 30 ಡಿಗ್ರಿ ಮೇಲೆ ಕೂರುತ್ತದೆ. ಕಣ್ಣನ್ನು ಸಾಮಾನ್ಯವಾಗಿ ನಡುಮಟ್ಟದ ಹತ್ತಿರ ಬರೆದಿರುವುದರಿಂದ ಇಷ್ಟು ಸಾಕು.

ಈಗ ಸುಮಾರು 12 ಸೆಂಟಿಮೀಟರ್ ಎತ್ತರದ ಒಂದು ಗೊಂಬೆಗೆ ಸಜ್ಜು ಮಾಡೋಣ. ಎರಡಡಿ ಚೌಕದ ಕಟ್ಟಿಗೆ ಚೌಕಟ್ಟಿಗೆ ತೊಳೆದು ಇಸ್ತ್ರಿ ಮಾಡಿದ ಬಿಳಿ ಪಂಚೆಯನ್ನೋ ಬಟರ್ ಪೇಪರನ್ನೋ ಬಿಗಿಯಾಗಿ ಕಟ್ಟಿ, ಗೊಂಬೆಯ ತಲೆಯಿಂದ ಒಂದೂವರೆ ಅಡಿ ಮೇಲೆ, ಕ್ಯಾಮೆರಾದ ಕಡೆಗೆ ಸ್ವಲ್ಪ ಮುಂದಕ್ಕೆ ಬರುವಂತೆ ಓರೆಯಾಗಿ ನಿಲ್ಲಿಸಿ. ಎಲ್‌ಇಡಿ ಲೈಟು ಆ ಬಟ್ಟೆಗಿಂತ ಎರಡಡಿ ಮೇಲಿರಲಿ. ಹೆಚ್ಚಿನವರು ಎಡವುವುದು ಇಲ್ಲೇ: ಲೈಟನ್ನು ಬಟ್ಟೆಗೆ ತೀರ ಹತ್ತಿರ ತರುತ್ತಾರೆ. ಆಗ ಬಟ್ಟೆಯ ನಡುಭಾಗ ಮಾತ್ರ ಉರಿಯುತ್ತದೆ, ಅಂಚು ಮಂಕಾಗಿ ಉಳಿಯುತ್ತದೆ, ಗೊಂಬೆಯ ತಲೆಯ ಮೇಲೆ ಚುಚ್ಚುವ ಬಿಳಿ ಚುಕ್ಕೆ ಬೀಳುತ್ತದೆ. ಅದನ್ನು ಕಂಡುಹಿಡಿಯಲು ಗೊಂಬೆ ಇರುವ ಜಾಗದಲ್ಲಿ ಮೊಬೈಲ್ ಇಟ್ಟು ಬಟ್ಟೆಯದೇ ಒಂದು ಫೋಟೊ ತೆಗೆಯಿರಿ. ಗೊಂಬೆ ನೋಡುವುದು ಅದನ್ನೇ. ಫೋಟೊದಲ್ಲಿ ಬಟ್ಟೆ ನಡುವಿನಿಂದ ಅಂಚಿನವರೆಗೆ ಒಂದೇ ಬಿಳುಪಾಗಿ ಕಾಣುವವರೆಗೆ ಲೈಟನ್ನು ಮೇಲಕ್ಕೆ ಸರಿಸುತ್ತ ಹೋಗಿ.

ಮೇಲಿನ ಬೆಳಕೊಂದೇ ಇದ್ದರೆ ಗೊಂಬೆಯ ಗಲ್ಲದ ಕೆಳಗೆ, ಸೀರೆಯ ಬುಡದಲ್ಲಿ ಕತ್ತಲು ಸೇರುತ್ತದೆ. ಎಡಬಲಕ್ಕೆ ಒಂದೊಂದು ಬಿಳಿ ಥರ್ಮಾಕೋಲ್ ಹಾಳೆ ನಿಲ್ಲಿಸಿದರೆ ಅದು ತುಂಬಿಕೊಳ್ಳುತ್ತದೆ. ಪೀಠದ ಮೇಲೆ ಮಿರುಗಿಲ್ಲದ ಬಿಳಿ ಕಾಗದದ ವೃತ್ತವನ್ನು ಕತ್ತರಿಸಿ ಹಾಕಿ; ಕೆಳಗಿನಿಂದಲೂ ಬೆಳಕು ಚಿಮ್ಮುತ್ತದೆ. ಗೊಂಬೆ ಬಿಳಿಯದೋ ತಿಳಿ ಹಳದಿಯದೋ ಆಗಿದ್ದರೆ ಮಾತ್ರ ಅಂಚುಗಳು ಹಿನ್ನೆಲೆಯಲ್ಲಿ ಕರಗಿಹೋಗುವ ಅಪಾಯವಿದೆ. ಆಗ ಫ್ರೇಮಿನಾಚೆ ಎರಡೂ ಬದಿಗೆ ಕಪ್ಪು ಚಾರ್ಟ್ ಪೇಪರಿನ ಪಟ್ಟಿ ನಿಲ್ಲಿಸಿ. ಗೊಂಬೆಯ ಅಂಚಿನುದ್ದಕ್ಕೂ ತೆಳುವಾದ ಕಪ್ಪು ಗೆರೆ ಮೂಡಿ ಆಕಾರ ಎದ್ದು ಕಾಣುತ್ತದೆ.

ಇನ್ನು ಉಳಿದದ್ದು ಮೊಬೈಲ್ ಮತ್ತು ಅದನ್ನು ಹಿಡಿದವರು. ಟ್ರೈಪಾಡನ್ನು ನಾಲ್ಕೈದು ಅಡಿ ಹಿಂದಿಟ್ಟು, ಮೊಬೈಲಿನಲ್ಲಿ 2x ಲೆನ್ಸ್ ಇದ್ದರೆ ಅದನ್ನು ಬಳಸಿ. ದೂರ ಹೋದಷ್ಟೂ ಮೊಬೈಲಿನ ಬಿಂಬ ಚಿಕ್ಕದಾಗುತ್ತದೆ. ಲೆನ್ಸಿನಷ್ಟೇ ತೂತು ಕೊರೆದ ಬಿಳಿ ಚಾರ್ಟನ್ನು ಮೊಬೈಲಿನ ಮುಂದೆ ಹಿಡಿದರೆ ಉಳಿಯುವುದು ಸಾಸಿವೆಯಷ್ಟು ಕಪ್ಪು ಚುಕ್ಕೆ. ಪೂರ್ತಿ ಗೋಳಾಕಾರದ ತಲೆಯಲ್ಲಿ ಅದನ್ನು ಅಳಿಸಲು ದಾರಿಯಿಲ್ಲ, ಆದರೆ ಯಾರೂ ಗುರುತಿಸುವುದಿಲ್ಲ. ಕೋಣೆಯ ಬೇರೆ ಲೈಟುಗಳೆಲ್ಲ ಆರಿರಬೇಕು, ಪರದೆ ಎಳೆದಿರಬೇಕು.

ಲೆನ್ಸಿಗೆ ಪೋಲರೈಜರ್ ಫಿಲ್ಟರ್ ಹಾಕಿದರೆ ಸಾಕಲ್ಲ ಎಂದು ಕೆಲವರು ಕೇಳುತ್ತಾರೆ. ಅರಗು ಲೋಹವಲ್ಲವಾದ್ದರಿಂದ ಅದು ಸ್ವಲ್ಪ ಕೆಲಸ ಮಾಡುತ್ತದೆ ನಿಜ. ಆದರೆ ಬೆಳಕು ಒಂದು ನಿರ್ದಿಷ್ಟ ಓರೆಯಲ್ಲಿ ಬಡಿದಾಗ ಮಾತ್ರ ಅದರ ಪರಿಣಾಮ ಪೂರ್ತಿ ಸಿಗುತ್ತದೆ. ದುಂಡು ಮೈಯಲ್ಲಿ ಓರೆ ಎಲ್ಲೆಡೆ ಬೇರೆ ಬೇರೆ. ಹಾಗಾಗಿ ಒಂದು ಕಡೆ ಮಿರುಗು ಹೋಗಿ ಇನ್ನೊಂದು ಕಡೆ ಉಳಿಯುತ್ತದೆ. ಹಿತ್ತಾಳೆ ದೀಪಕ್ಕೂ ಸ್ಟೀಲ್ ಲೋಟಕ್ಕೂ ಅದರಿಂದ ಹೆಚ್ಚೇನೂ ಉಪಯೋಗವಿಲ್ಲ. ಬಟ್ಟೆ ಮತ್ತು ಥರ್ಮಾಕೋಲ್‌ನ ದಾರಿಯೇ ಗಟ್ಟಿ.

ರೆಕಾರ್ಡಿಂಗ್ ಒತ್ತುವ ಮೊದಲು ಪರದೆಯ ಮೇಲೆ ಗೊಂಬೆಯ ಮುಖವನ್ನು ಒತ್ತಿ ಹಿಡಿದು ಫೋಕಸ್ ಮತ್ತು ಬೆಳಕಿನ ಅಳತೆ ಎರಡನ್ನೂ ಲಾಕ್ ಮಾಡಲೇಬೇಕು. ಇಲ್ಲದಿದ್ದರೆ ಕಪ್ಪು ಜಡೆಯಿರುವ ಬೆನ್ನು ಬಂದಾಗ ಮೊಬೈಲ್ ತಾನಾಗಿ ಬೆಳಕು ಏರಿಸುತ್ತದೆ, ತಿಳಿ ಬಣ್ಣದ ಮುಖ ಬಂದಾಗ ಇಳಿಸುತ್ತದೆ. ಬಿಳಿ ಹಿನ್ನೆಲೆ ಉಸಿರಾಡಿದಂತೆ ಕಾಣುತ್ತದೆ. ನಮ್ಮ ಮನೆಗಳ ವಿದ್ಯುತ್ತು 50 ಹರ್ಟ್ಸ್‌ನದು, ಅಗ್ಗದ ಎಲ್‌ಇಡಿಗಳು ಅದಕ್ಕೆ ತಕ್ಕಂತೆ ಸೆಕೆಂಡಿಗೆ 100 ಸಲ ಮಿನುಗುತ್ತವೆ. ವಿಡಿಯೊದಲ್ಲಿ ಅಡ್ಡಪಟ್ಟಿಗಳು ಓಡಾಡಿದರೆ ಕಾರಣ ಇದೇ. ಮೊಬೈಲಿನ ಪ್ರೊ ಮೋಡ್‌ನಲ್ಲಿ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಟ್ಟರೆ ಪಟ್ಟಿ ಹೋಗುತ್ತದೆ.

ಗೊಂಬೆ ಪೀಠದ ನಟ್ಟನಡುವೆ ಇಲ್ಲದಿದ್ದರೆ ಇಷ್ಟೆಲ್ಲ ಮಾಡಿಯೂ ವ್ಯರ್ಥ. ಬುಡದ ಪಕ್ಕದಲ್ಲಿ ಪೆನ್ಸಿಲ್ ತುದಿಯನ್ನು ಅಲ್ಲಾಡದಂತೆ ನಿಲ್ಲಿಸಿ ಪೀಠವನ್ನು ಒಂದು ಸುತ್ತು ಬಿಡಿ. ಪೆನ್ಸಿಲ್ಲಿಗೂ ಬುಡಕ್ಕೂ ನಡುವಿನ ಸಂದು ಎಲ್ಲ ಕಡೆ ಒಂದೇ ಇದ್ದರೆ ಸರಿ. ಇಲ್ಲದಿದ್ದರೆ ಗೊಂಬೆಯೂ ಓಲಾಡುತ್ತದೆ, ಅದರ ಜೊತೆ ಹೊಳಪೂ ನಡುಗುತ್ತದೆ. ಸುತ್ತಿಗೆ 20 ಸೆಕೆಂಡಿನ ವೇಗ ಹಿತವಾಗಿರುತ್ತದೆ. ಎರಡಕ್ಕಿಂತ ಹೆಚ್ಚು ಸುತ್ತು ತೆಗೆದು, ಮೂಗು ನೇರ ಕ್ಯಾಮೆರಾಕ್ಕೆ ಬಂದ ಫ್ರೇಮಿನಿಂದ ಅದು ಮತ್ತೆ ಅಲ್ಲಿಗೇ ಬರುವ ಹಿಂದಿನ ಫ್ರೇಮಿನವರೆಗೆ ಕತ್ತರಿಸಿ. ಕೊನೆಯ ಆ ಒಂದು ಫ್ರೇಮ್ ಬಿಡದಿದ್ದರೆ ವಿಡಿಯೊ ಮರಳಿ ಶುರುವಾದಾಗ ಗೊಂಬೆ ಒಂದು ಚಣ ತಡೆದಂತೆ ಕಾಣುತ್ತದೆ.

ಅಂಗಡಿಗೆ ಏರಿಸುವ ಮೊದಲು ಗೊಂಬೆಯನ್ನೂ ಮೊಬೈಲನ್ನೂ ಕಿಟಕಿಯ ಹಗಲು ಬೆಳಕಿನಲ್ಲಿ ಅಕ್ಕಪಕ್ಕ ಹಿಡಿದು ನೋಡಿ. ಅರಗಿನ ಕೆಂಪು ವಿಡಿಯೊದಲ್ಲಿ ಕಿತ್ತಳೆಯಾಗಿದ್ದರೆ ವೈಟ್ ಬ್ಯಾಲೆನ್ಸ್ ಸರಿಪಡಿಸಿ ಇನ್ನೊಮ್ಮೆ ತೆಗೆಯಿರಿ. ಕೊಳ್ಳುವವರ ಕೈ ಸೇರುವುದು ಆ ಕೆಂಪು ಗೊಂಬೆಯೇ.