ಖಾಲಿ ಮನೆಗಳಿಗೆ ಮೆಮೊರಿ ಕೊಡದ ಲೆಕ್ಕ

2006ರ ಅಕ್ಟೋಬರ್‌ನಲ್ಲಿ ನೆಟ್‌ಫ್ಲಿಕ್ಸ್ ಸಂಸ್ಥೆ 10 ಲಕ್ಷ ಡಾಲರ್ ಬಹುಮಾನದ ಸ್ಪರ್ಧೆಯೊಂದನ್ನು ಘೋಷಿಸಿತು. ಯಾವ ಗ್ರಾಹಕನಿಗೆ ಯಾವ ಸಿನಿಮಾ ಎಷ್ಟು ಹಿಡಿಸಬಹುದು ಎಂಬುದನ್ನು ಸಂಸ್ಥೆಯ ಆಗಿನ ಪದ್ಧತಿಗಿಂತ ಶೇ 10ರಷ್ಟು ಚೆನ್ನಾಗಿ ಊಹಿಸಬೇಕು ಎಂಬುದು ಅದರ ಷರತ್ತು. ಸ್ಪರ್ಧಿಗಳ ಕೈಗೆ ಬಂದ ದತ್ತಾಂಶದಲ್ಲಿ 4,80,189 ಗ್ರಾಹಕರು ಮತ್ತು 17,770 ಸಿನಿಮಾಗಳಿದ್ದವು. ಗ್ರಾಹಕರು 1ರಿಂದ 5ರವರೆಗೆ ಕೊಟ್ಟ ಅಂಕಗಳು ಒಟ್ಟು 10,04,80,507. ಒಬ್ಬೊಬ್ಬ ಗ್ರಾಹಕನಿಗೆ ಒಂದು ಅಡ್ಡಸಾಲು, ಒಂದೊಂದು ಸಿನಿಮಾಕ್ಕೆ ಒಂದು ಕಂಬಸಾಲು ಎಂದು ಇದನ್ನು ಕೋಷ್ಟಕವಾಗಿ ಬರೆದರೆ ಸುಮಾರು 853 ಕೋಟಿ ಮನೆಗಳಾಗುತ್ತವೆ. ಅವುಗಳಲ್ಲಿ ತುಂಬಿರುವುದು 10 ಕೋಟಿ ಮಾತ್ರ. ಅಂದರೆ 85 ಮನೆಗಳಲ್ಲಿ ಒಂದರಲ್ಲಿ ಅಂಕವಿದೆ, ಮಿಕ್ಕ 84 ಖಾಲಿ.

ಹೀಗೆ ಬಹುಪಾಲು ಮನೆಗಳು ಖಾಲಿಯಾಗಿರುವ, ಅಥವಾ ಸೊನ್ನೆಯೇ ತುಂಬಿರುವ ಕೋಷ್ಟಕಕ್ಕೆ ವಿರಳ ಮಾತೃಕೆ ಎನ್ನುತ್ತಾರೆ. ಒಂದು ಮನೆಗೆ ಒಂದೇ ಬೈಟ್ ಎಂದುಕೊಂಡರೂ ಇಡೀ ಕೋಷ್ಟಕಕ್ಕೆ 8.5 ಜಿಬಿ ಬೇಕು (ಇಲ್ಲಿ ಒಂದು ಜಿಬಿ ಎಂದರೆ 100 ಕೋಟಿ ಬೈಟ್). ಗಣಿತದ ತಂತ್ರಾಂಶಗಳು ಸಾಮಾನ್ಯವಾಗಿ ಒಂದು ಸಂಖ್ಯೆಗೆ 8 ಬೈಟ್ ಕೊಡುತ್ತವೆ. ಆ ಲೆಕ್ಕದಲ್ಲಿ ಬೇಕಾಗುವುದು 68 ಜಿಬಿ. ಆ ಕಾಲದ ಮನೆಬಳಕೆಯ ಕಂಪ್ಯೂಟರಿಗೆ ಇದು ಆಗದ ಮಾತು. ಹಾಗಿದ್ದೂ ಸಾವಿರಾರು ಜನ ತಮ್ಮ ಸಾಧಾರಣ ಯಂತ್ರಗಳಲ್ಲೇ ಸ್ಪರ್ಧೆಗೆ ಇಳಿದರು. ಅವರು ಖಾಲಿ ಮನೆಗಳನ್ನು ಮೆಮೊರಿಯಲ್ಲಿ ಇಡಲೇ ಇಲ್ಲ.

ತುಂಬಿದ ಮನೆಗಳನ್ನಷ್ಟೇ ಉಳಿಸಿಕೊಳ್ಳುವ ಅತ್ಯಂತ ನೇರ ದಾರಿ ತ್ರಿಕ ಪದ್ಧತಿ. ಪ್ರತಿ ಅಂಕಕ್ಕೂ ಮೂರು ಸಂಗತಿ ಬರೆದಿಡಬೇಕು: ಅಡ್ಡಸಾಲು ಯಾವುದು, ಕಂಬಸಾಲು ಯಾವುದು, ಮೌಲ್ಯ ಎಷ್ಟು. ಕೈಯಲ್ಲೇ ಮಾಡಿ ನೋಡಲು 5 ಗ್ರಾಹಕರು, 6 ಸಿನಿಮಾಗಳ ಪುಟ್ಟ ಕೋಷ್ಟಕವೊಂದನ್ನು ತೆಗೆದುಕೊಳ್ಳಬಹುದು. ಎಣಿಕೆ, ಕಂಪ್ಯೂಟರಿನ ರೂಢಿಯಂತೆ, 0ಯಿಂದ ಶುರು.

```
0 4 0 0 5 0
3 0 0 0 0 0
0 0 0 0 0 0
0 2 5 0 0 1
0 0 0 0 4 0
```

ಇದರಲ್ಲಿ ಅಂಕಗಳಿರುವುದು ಏಳು ಕಡೆ. ತ್ರಿಕಗಳಾಗಿ ಬರೆದಾಗ ಮೂರು ಪಟ್ಟಿಗಳು ಸಿಗುತ್ತವೆ.

```
row  = 0 0 1 3 3 3 4
col  = 1 4 0 1 2 5 4
data = 4 5 3 2 5 1 4
```

ಮೊದಲ ಕಂಬದಲ್ಲಿರುವ 0, 1, 4 ಎಂಬ ತ್ರಿಕಕ್ಕೆ 0ನೇ ಗ್ರಾಹಕ 1ನೇ ಸಿನಿಮಾಕ್ಕೆ 4 ಅಂಕ ಕೊಟ್ಟ ಎಂದರ್ಥ. ಕೋಷ್ಟಕದಲ್ಲಿ 30 ಸಂಖ್ಯೆಗಳಿದ್ದವು, ಈಗ 21 ಆದವು. ಇಷ್ಟು ಚಿಕ್ಕದರಲ್ಲಿ ಉಳಿತಾಯ ಕಣ್ಣಿಗೆ ಕುಕ್ಕುವುದಿಲ್ಲ. ಆದರೆ ನೆಟ್‌ಫ್ಲಿಕ್ಸ್ ದತ್ತಾಂಶಕ್ಕೆ ಇದೇ ಕ್ರಮ ಅನ್ವಯಿಸಿದರೆ ಗ್ರಾಹಕನ ಸಂಖ್ಯೆಗೆ 4 ಬೈಟ್, ಸಿನಿಮಾ ಸಂಖ್ಯೆಗೆ 4 ಬೈಟ್, ಅಂಕಕ್ಕೆ 1 ಬೈಟ್, ಹೀಗೆ ಒಂದು ತ್ರಿಕಕ್ಕೆ 9 ಬೈಟ್ ಆಗುತ್ತದೆ. 10.05 ಕೋಟಿ ತ್ರಿಕಗಳಿಗೆ ಒಟ್ಟು 90.4 ಕೋಟಿ ಬೈಟ್, ಅಂದರೆ 904 ಎಂಬಿ. 8.5 ಜಿಬಿ ಬೇಕಿದ್ದ ಜಾಗದಲ್ಲಿ ಒಂದು ಜಿಬಿಯೂ ಬೇಡ.

ತ್ರಿಕಗಳಿಗೆ ಕ್ರಮದ ಹಂಗಿಲ್ಲ. ಅಂಕ ಬಂದಂತೆಲ್ಲ ಪಟ್ಟಿಯ ಕೊನೆಗೆ ಸೇರಿಸುತ್ತ ಹೋಗಬಹುದು. ಆದ್ದರಿಂದ ದತ್ತಾಂಶ ಕೂಡಿಹಾಕುವ ಹಂತಕ್ಕೆ ಇದಕ್ಕಿಂತ ಒಳ್ಳೆಯ ರೂಪ ಇನ್ನೊಂದಿಲ್ಲ. ತೊಂದರೆ ಬರುವುದು ಹುಡುಕುವಾಗ. 3ನೇ ಗ್ರಾಹಕ ನೋಡಿದ ಸಿನಿಮಾಗಳು ಯಾವುವು ಎಂದು ಕೇಳಿದರೆ, ಕ್ರಮವಿಲ್ಲದ ಪಟ್ಟಿಯನ್ನು ತಲೆಯಿಂದ ಬುಡದವರೆಗೆ ಓದದೆ ಉತ್ತರ ಸಿಗದು.

ಅಡ್ಡಸಾಲಿನ ಪ್ರಕಾರ ಜೋಡಿಸಿದ ಮೇಲೆ row ಪಟ್ಟಿಯನ್ನು ಇನ್ನೊಮ್ಮೆ ಗಮನಿಸಿದರೆ ಒಂದು ದಂಡ ಕಾಣುತ್ತದೆ: 3 ಎಂಬುದು ಮೂರು ಸಲ ಬಂದಿದೆ. ನೆಟ್‌ಫ್ಲಿಕ್ಸ್ ದತ್ತಾಂಶದಲ್ಲಿ ಒಬ್ಬ ಗ್ರಾಹಕ ಸರಾಸರಿ 209 ಸಿನಿಮಾಗಳಿಗೆ ಅಂಕ ಕೊಟ್ಟಿದ್ದಾನೆ. ಅಂದರೆ ಒಂದೇ ಗ್ರಾಹಕನ ಸಂಖ್ಯೆಯನ್ನು 209 ಸಲ ಬರೆಯಬೇಕಾಗಿದೆ. ಸಂಕುಚಿತ ಅಡ್ಡಸಾಲು ಪದ್ಧತಿ, ಅಂದರೆ ಸಿಎಸ್‌ಆರ್, ಕತ್ತರಿ ಹಾಕುವುದು ಇಲ್ಲೇ. ಅದು row ಪಟ್ಟಿಯನ್ನೇ ತೆಗೆದುಹಾಕಿ, ಪ್ರತಿ ಅಡ್ಡಸಾಲು ಎಲ್ಲಿಂದ ಶುರುವಾಗುತ್ತದೆ ಎಂಬುದನ್ನಷ್ಟೇ ಬರೆದಿಡುತ್ತದೆ. ಪುಸ್ತಕದ ಪರಿವಿಡಿಯಲ್ಲಿ ಅಧ್ಯಾಯ ಶುರುವಾಗುವ ಪುಟವನ್ನು ಮಾತ್ರ ಕೊಟ್ಟಿರುತ್ತಾರಲ್ಲ, ಹಾಗೆ.

```
indptr  = 0 2 3 3 6 7
indices = 1 4 0 1 2 5 4
data    = 4 5 3 2 5 1 4
```

3ನೇ ಅಡ್ಡಸಾಲು ಬೇಕೆಂದರೆ indptrನಲ್ಲಿ 3ನೇ ಸಂಖ್ಯೆಯನ್ನೂ ಅದರ ಮುಂದಿನದನ್ನೂ ನೋಡಬೇಕು. ಅಲ್ಲಿರುವುದು 3 ಮತ್ತು 6. ಆದ್ದರಿಂದ ಮಿಕ್ಕೆರಡು ಪಟ್ಟಿಗಳಲ್ಲಿ 3, 4, 5ನೇ ಸ್ಥಾನಗಳನ್ನು ಓದಿದರಾಯಿತು. 6ನೇ ಸ್ಥಾನ ಮುಂದಿನ ಸಾಲಿನದು. ಸಿಗುವ ಉತ್ತರ: 1ನೇ ಸಿನಿಮಾಕ್ಕೆ 2, 2ನೆಯದಕ್ಕೆ 5, 5ನೆಯದಕ್ಕೆ 1. ಇನ್ನು 2ನೇ ಗ್ರಾಹಕನ ವಿಷಯಕ್ಕೆ ಬಂದರೆ ಶುರು 3, ಮುಗಿಯುವುದೂ 3. ಅವನ ಸಾಲು ಖಾಲಿ ಎಂಬುದು ಅಷ್ಟರಲ್ಲೇ ತಿಳಿಯುತ್ತದೆ. ಕೊನೆಯ ಸಾಲಿಗೂ ಮುಂದಿನ ಸಂಖ್ಯೆಯೊಂದು ಬೇಕಾದ್ದರಿಂದ indptrನಲ್ಲಿ ಅಡ್ಡಸಾಲುಗಳಿಗಿಂತ ಒಂದು ಸಂಖ್ಯೆ ಹೆಚ್ಚಿರುತ್ತದೆ. ಆ ಕೊನೆಯ ಸಂಖ್ಯೆಯೇ ಒಟ್ಟು ಅಂಕಗಳ ಎಣಿಕೆಯೂ ಹೌದು.

ಪುಟ್ಟ ಕೋಷ್ಟಕದಲ್ಲಿ 21 ಇದ್ದದ್ದು 20 ಆಯಿತು, ಅಷ್ಟೇ. ಒಂದು ಸಾಲಿನಲ್ಲಿ ಒಂದೆರಡು ಅಂಕಗಳಿದ್ದರೆ ಸಿಎಸ್‌ಆರ್‌ನಿಂದ ಲಾಭ ಇಷ್ಟೇ, ಸಾಲುಗಳಿಗಿಂತ ಅಂಕಗಳೇ ಕಡಿಮೆಯಾದರಂತೂ ನಷ್ಟ. ಸಾಲಿಗೆ 209 ಅಂಕಗಳಿರುವಲ್ಲಿ ಮಾತ್ರ ಕಥೆಯೇ ಬೇರೆ. ಒಂದು ಅಂಕಕ್ಕೆ 5 ಬೈಟ್‌ನಂತೆ 50.2 ಕೋಟಿ ಬೈಟ್, ಅದರ ಜೊತೆಗೆ indptrಗೆ ಬರೀ 19 ಲಕ್ಷ ಬೈಟ್, ಎಲ್ಲ ಸೇರಿ 504 ಎಂಬಿ. ಸಿನಿಮಾಗಳು 17,770 ಮಾತ್ರ ಇರುವುದರಿಂದ ಅವುಗಳ ಸಂಖ್ಯೆಗೆ 2 ಬೈಟ್ ಸಾಕು. ಕೈಯಾರೆ ಬರೆದ ಪ್ರೋಗ್ರಾಮಿನಲ್ಲಿ ಈ ಜಾಣತನವನ್ನೂ ಬಳಸಿದರೆ 303 ಎಂಬಿಗೆ ಇಳಿಯುತ್ತದೆ.

ನೆಟ್‌ಫ್ಲಿಕ್ಸ್ ಹಂಚಿದ ಕಡತಗಳೂ ಇದೇ ಉಪಾಯವನ್ನು ಬಳಸಿದ್ದವು ಎಂಬುದು ಸ್ವಾರಸ್ಯದ ಸಂಗತಿ. ಪ್ರತಿ ಸಿನಿಮಾಕ್ಕೂ ಒಂದೊಂದು ಕಡತ. ಮೊದಲ ಸಾಲಿನಲ್ಲಿ ಸಿನಿಮಾ ಸಂಖ್ಯೆ ಒಂದೇ ಒಂದು ಸಲ, ಅದರ ಕೆಳಗೆ ಗ್ರಾಹಕ, ಅಂಕ, ದಿನಾಂಕ. ಅಡ್ಡಸಾಲಿನ ಬದಲು ಕಂಬಸಾಲನ್ನು ಸಂಕುಚಿತಗೊಳಿಸಿದ ರೂಪವದು. ಆದರೆ ಅದರಲ್ಲಿ ಎಚ್ಚರ ತಪ್ಪಿಸುವ ಒಂದು ವಿಷಯವೂ ಇತ್ತು. ಗ್ರಾಹಕರು ನಾಲ್ಕು ಲಕ್ಷ ಚಿಲ್ಲರೆಯಾದರೂ ಅವರ ಗುರುತಿನ ಸಂಖ್ಯೆಗಳು 1ರಿಂದ 26,49,429ರವರೆಗೆ, ನಡುನಡುವೆ ಬಿಟ್ಟುಬಿಟ್ಟು ಹಬ್ಬಿದ್ದವು. ಅವನ್ನೇ ಸಾಲಿನ ಸಂಖ್ಯೆಯಾಗಿ ಬಳಸಿದರೆ ಇಲ್ಲದ 21 ಲಕ್ಷ ಗ್ರಾಹಕರಿಗೂ indptrನಲ್ಲಿ ಜಾಗ ಹೋಗುತ್ತದೆ, 1.9 ಎಂಬಿಯ ಪಟ್ಟಿ 10.6 ಎಂಬಿ ಆಗುತ್ತದೆ. ಮೆಮೊರಿಯ ಮಟ್ಟಿಗೆ ಇದು ಸಣ್ಣ ನಷ್ಟ. ಗ್ರಾಹಕರ ಮೇಲೆ ಸರಾಸರಿ ತೆಗೆಯುವಾಗ ಇಲ್ಲದವರೂ ಲೆಕ್ಕಕ್ಕೆ ಬಂದು ಕೂರುವುದು ದೊಡ್ಡ ನಷ್ಟ. ಸಂಖ್ಯೆಗಳನ್ನು ಮೊದಲೇ 0ಯಿಂದ ಹೊಸದಾಗಿ ಹಾಕಿಕೊಳ್ಳುವುದು ಲೇಸು.

ಸಿಎಸ್‌ಆರ್ ಕೊಡುವ ವೇಗ ಅಡ್ಡಸಾಲಿನ ದಿಕ್ಕಿಗೆ ಮಾತ್ರ. 4ನೇ ಸಿನಿಮಾ ನೋಡಿದವರು ಯಾರು ಎಂಬ ಪ್ರಶ್ನೆಗೆ ಇಡೀ indices ಪಟ್ಟಿಯನ್ನು ಜಾಲಾಡಬೇಕು. ಎರಡೂ ದಿಕ್ಕಿನ ಪ್ರಶ್ನೆಗಳು ಪದೇಪದೇ ಬರುವುದಾದರೆ ಅಡ್ಡಸಾಲಿನದೊಂದು, ಕಂಬಸಾಲಿನದೊಂದು, ಎರಡು ಪ್ರತಿಗಳನ್ನೂ ಇಟ್ಟುಕೊಳ್ಳಬಹುದು. ಎರಡೂ ಸೇರಿ ಒಂದು ಜಿಬಿ. ಪೂರ್ಣ ಕೋಷ್ಟಕದ ಎಂಟನೆಯ ಒಂದು ಭಾಗ. ಸಿಎಸ್‌ಆರ್‌ಗೆ ಹೊಸ ಅಂಕವೊಂದನ್ನು ನಡುವೆ ತುರುಕುವುದು ಮಾತ್ರ ದುಬಾರಿ. ಮೊದಲ ಸಾಲಿಗೆ ಒಂದು ಅಂಕ ಸೇರಿಸಿದರೂ ಮುಂದಿನ 10 ಕೋಟಿ ಅಂಕಗಳನ್ನು ಒಂದೊಂದು ಸ್ಥಾನ ಸರಿಸಿ, indptrನ ಸಂಖ್ಯೆಗಳಿಗೆಲ್ಲ ಒಂದು ಕೂಡಿಸಬೇಕಾಗುತ್ತದೆ. ಪೈಥಾನ್ ಭಾಷೆಯ SciPy ಸಂಗ್ರಹದಲ್ಲಿ ಹೀಗೆ ಮಾಡಿದರೆ SparseEfficiencyWarning ಎಂಬ ಎಚ್ಚರಿಕೆ ತೆರೆಯ ಮೇಲೆ ಬರುತ್ತದೆ. ಆದ್ದರಿಂದಲೇ ಮೊದಲು ತ್ರಿಕಗಳಲ್ಲಿ ಕೂಡಿಹಾಕಿ, ಕೊನೆಗೊಮ್ಮೆ ಸಿಎಸ್‌ಆರ್‌ಗೆ ಬದಲಿಸುವುದು ರೂಢಿ.

```
from scipy.sparse import coo_matrix
A = coo_matrix((data, (row, col)), shape=(5, 6)).tocsr()
print(A.data.nbytes + A.indices.nbytes + A.indptr.nbytes)
```

ಕೊನೆಯ ಸಾಲು ಮಾತೃಕೆ ಹಿಡಿದಿರುವ ಬೈಟ್‌ಗಳನ್ನು ಹೇಳುತ್ತದೆ. ಬದಲಿಸುವ ಹೊತ್ತಿನಲ್ಲಿ ಎರಡೂ ರೂಪಗಳು ಮೆಮೊರಿಯಲ್ಲಿ ಇರುತ್ತವೆ ಎಂಬುದನ್ನು ಮರೆಯಬಾರದು. ನೆಟ್‌ಫ್ಲಿಕ್ಸ್ ಉದಾಹರಣೆಗೆ ಆ ಕ್ಷಣದ ಅಗತ್ಯ 1.4 ಜಿಬಿ. ಇನ್ನೊಂದು ಮಾತು: ಒಂದೇ ಜಾಗದ ತ್ರಿಕ ಎರಡು ಸಲ ಸೇರಿಹೋಗಿದ್ದರೆ SciPy ಅವನ್ನು ಕೂಡಿಸಿಬಿಡುತ್ತದೆ. ಒಬ್ಬ ಗ್ರಾಹಕ ಕೊಟ್ಟ 4 ಎರಡು ಸಲ ದಾಖಲಾಗಿದ್ದರೆ 8 ಆಗುತ್ತದೆ. 5ರ ಮೇಲೆ ಅಂಕವೇ ಇಲ್ಲದ ದತ್ತಾಂಶದಲ್ಲಿ A.max() 8 ತೋರಿಸಿದರೆ ತಪ್ಪು ಎಲ್ಲಿದೆ ಎಂದು ಹುಡುಕುವ ಕಷ್ಟವಿಲ್ಲ. ಆದರೆ 2 ಎರಡು ಸಲ ಸೇರಿ 4 ಆದದ್ದು ಸುಮ್ಮನೆ ಅಡಗಿ ಕೂರುತ್ತದೆ.

ಈ ಉಳಿತಾಯವೆಲ್ಲ ಒಂದೇ ಕಳೆಯುವ ಲೆಕ್ಕದಲ್ಲಿ ಮಣ್ಣುಪಾಲಾಗಬಹುದು. ನೆಟ್‌ಫ್ಲಿಕ್ಸ್ ಅಂಕಗಳ ಸರಾಸರಿ ಸುಮಾರು 3.6. ಎಲ್ಲ ಮನೆಗಳಿಂದಲೂ ಈ ಸರಾಸರಿಯನ್ನು ಕಳೆದರೆ ಖಾಲಿಯಿದ್ದ ಮನೆಗಳಲ್ಲಿ -3.6 ಬಂದು ಕೂರುತ್ತದೆ, 853 ಕೋಟಿ ಮನೆಗಳೂ ತುಂಬಿಬಿಡುತ್ತವೆ. ಅರ್ಥದ ದೃಷ್ಟಿಯಿಂದಲೂ ಅದು ತಪ್ಪು: ಸಿನಿಮಾ ನೋಡದೆ ಇರುವುದೆಂದರೆ ಅದಕ್ಕೆ ಸೊನ್ನೆ ಅಂಕ ಕೊಟ್ಟಂತಲ್ಲ. ಸರಾಸರಿಯನ್ನು data ಪಟ್ಟಿಯಲ್ಲಿರುವ ಅಂಕಗಳಿಂದ ಮಾತ್ರ ಕಳೆಯಬೇಕು. ಅಲ್ಲೂ ಒಂದು ಸೂಕ್ಷ್ಮವಿದೆ. ಪ್ರತಿ ಗ್ರಾಹಕನ ಸ್ವಂತ ಸರಾಸರಿಯನ್ನು ಕಳೆಯುವಾಗ, ಎಲ್ಲ ಸಿನಿಮಾಗಳಿಗೂ 3 ಕೊಟ್ಟವನ ಅಂಕಗಳೆಲ್ಲ ಸೊನ್ನೆಯಾಗುತ್ತವೆ. ಜಾಗ ಉಳಿಸುವ ಆಸೆಗೆ eliminate_zeros() ಓಡಿಸಿದರೆ ಅವನು ಆ ಸಿನಿಮಾಗಳನ್ನು ನೋಡಿದ್ದ ಎಂಬ ದಾಖಲೆಯೇ ಅಳಿಸಿಹೋಗುತ್ತದೆ.

ವಿರಳ ರೂಪ ಯಾವಾಗಲೂ ಲಾಭವೇನಲ್ಲ. ಮೌಲ್ಯಕ್ಕೆ 1 ಬೈಟ್ ಸಾಕಾಗುವಲ್ಲಿ, ಸ್ಥಾನ ಸೂಚಿಸಲು 4 ಬೈಟ್ ಬಳಸುವ ಸಿಎಸ್‌ಆರ್ ಒಂದು ಅಂಕಕ್ಕೆ 5 ಬೈಟ್ ತಿನ್ನುತ್ತದೆ. ಆದ್ದರಿಂದ ಐದರಲ್ಲಿ ಒಂದು ಮನೆ, ಅಂದರೆ ಶೇ 20, ತುಂಬಿದ ಮೇಲೆ ಸಾದಾ ಕೋಷ್ಟಕವೇ ಅಗ್ಗ. 9 ಬೈಟ್‌ನ ತ್ರಿಕಕ್ಕೆ ಆ ಗಡಿ ಶೇ 11. ಮೌಲ್ಯಕ್ಕೆ 8 ಬೈಟ್ ಆದಾಗ ಗಡಿ ಬಹಳ ಮೇಲೇರುತ್ತದೆ: ತ್ರಿಕಕ್ಕೆ ಅರ್ಧದಷ್ಟು ಮನೆಗಳು, ಸಿಎಸ್‌ಆರ್‌ಗೆ ಮೂರರಲ್ಲಿ ಎರಡರಷ್ಟು ಮನೆಗಳು ತುಂಬುವವರೆಗೂ ಉಳಿತಾಯವಿದೆ. ಶೇ 1.18ರಷ್ಟು ಮಾತ್ರ ತುಂಬಿರುವ ನೆಟ್‌ಫ್ಲಿಕ್ಸ್ ಕೋಷ್ಟಕ ಈ ಎಲ್ಲ ಗಡಿಗಳಿಂದ ತುಂಬ ಕೆಳಗಿದೆ. 1 ಬೈಟ್‌ನ ಅಂಕಗಳಿಗೆ ಸಿಎಸ್‌ಆರ್ ಮೆಮೊರಿಯನ್ನು 17ನೆಯ ಒಂದು ಭಾಗಕ್ಕೆ ಇಳಿಸುತ್ತದೆ. 8 ಬೈಟ್‌ನ ಸಂಖ್ಯೆಗಳಿಗೆ 68 ಜಿಬಿಯ ಬದಲು 1.2 ಜಿಬಿ ಸಾಕು, ಅಂದರೆ 56ನೆಯ ಒಂದು ಭಾಗ.