ಒಂದು ಅರ್ಧ, ಎರಡು ಕಾಲು

ಅಕ್ಕಂದಿರೇ, ನಮ್ಮ ಅಲಖನೂರಿನಂಥ ಊರುಗಳಲ್ಲಿ ದಿನಾ ಜೋಳದ ರೊಟ್ಟಿ ಬಡಿಯುತ್ತೇವೆ. ಇವತ್ತಿನ ಲೆಕ್ಕ ಆ ರೊಟ್ಟಿಯದೇ.

ಒಬ್ಬ ತಾಯಿ ಬಿಸಿ ರೊಟ್ಟಿ ಮುರಿದು ಇಬ್ಬರು ಮಕ್ಕಳಿಗೆ ಅರ್ಧರ್ಧ ಕೊಟ್ಟಳು. ಮಗ ಸಣ್ಣವ. ಅವನಿಗೆ ಹಿಡಿಯಲು ಬರಲಿ ಎಂದು ಅವನ ಅರ್ಧವನ್ನು ಮತ್ತೆ ಎರಡು ತುಂಡು ಮಾಡಿದಳು. ಮಗಳು ಮುಖ ಊದಿಸಿಕೊಂಡಳು.

“ಯವ್ವಾ, ಅವಗ ಎರಡು, ನನಗ ಒಂದ! ಗಂಡ ಹುಡಗ ಅಂತ ಅವಗ ಜಾಸ್ತಿ ಕೊಟ್ಟಿ.”

“ಎರಡೂ ಒಂದ ಐತಿ, ಸುಮ್ನ ತಿನ್ನು” ಎಂದರೆ ಆ ಹುಡುಗಿ ಒಪ್ಪುವುದಿಲ್ಲ. ಅವಳು ತುಂಡುಗಳನ್ನು ಎಣಿಸಿದ್ದಾಳೆ. ಎಣಿಕೆಯಲ್ಲಿ ಎರಡು ದೊಡ್ಡದು, ಒಂದು ಸಣ್ಣದು. ಅವಳ ಎಣಿಕೆ ತಪ್ಪಲ್ಲ. ತುಂಡು ಎಷ್ಟು ದೊಡ್ಡದು ಎಂಬುದನ್ನು ಮಾತ್ರ ಅವಳು ನೋಡಿಲ್ಲ.

ತಾಯಿ ಬೇರೊಂದು ಮೆತ್ತನ್ನ ರೊಟ್ಟಿ ತಗೊಂಡಳು. ಕಟಕ ರೊಟ್ಟಿ ಈ ಕೆಲಸಕ್ಕೆ ಬರುವುದಿಲ್ಲ. ಮಡಚಿದರೆ ಎಲ್ಲೆಲ್ಲೋ ಒಡೆಯುತ್ತದೆ. ಅಂಚಿಗೆ ಅಂಚು ಕೂಡಿಸಿ ಮಡಚಿ ಹರಿದಳು. ಎರಡು ಅರ್ಧ ಆದವು. ಒಂದು ಅರ್ಧವನ್ನು ಹಾಗೇ ಇಟ್ಟಳು. ಇನ್ನೊಂದನ್ನು ಮತ್ತೆ ನಡುವೆ ಮಡಚಿ ಹರಿದಳು. ಎರಡು ಕಾಲು ಆದವು. ಒಂದರ ಮೇಲೆ ಒಂದು ಇಟ್ಟು ನೋಡಿದಳು. ಒಂದು ಹೊರಗೆ ಚಾಚಿದ್ದರೆ ಅವು ಸಮ ಅಲ್ಲ, ಅವನ್ನು ಕಾಲು ಅನ್ನಲು ಬರುವುದಿಲ್ಲ.

ಆಮೇಲೆ ಎರಡೂ ಕಾಲುಗಳನ್ನು ಜೋಡಿಸಿ ಆ ಅರ್ಧದ ಮೇಲೆ ಇಟ್ಟಳು. ಸರಿಯಾಗಿ ಕೂತವು. ಹುಡುಗಿ ನೋಡಿದಳು, ಆದರೂ ಪೂರ್ತಿ ನಂಬಲಿಲ್ಲ. ಆಗ ತಾಯಿ ಅವಳ ತಾಟಿನಲ್ಲಿದ್ದ ಅರ್ಧವನ್ನೇ ಎತ್ತಿ ಎರಡು ಮಾಡಿದಳು.

“ಈಗ ನಿನ್ನ ಹತ್ರಾನೂ ಎರಡ ಆದವು. ನಾ ಏನರ ಹಿಟ್ಟ ಹಚ್ಚಿ ಬಡದೆನ?”

“ಇಲ್ಲ.”

“ಹಂಗಾರ ರೊಟ್ಟಿ ಹೆಚ್ಚಾತೇನ?”

ಹುಡುಗಿ ನಕ್ಕಳು. ಹರಿದರೆ ತುಂಡು ಹೆಚ್ಚುತ್ತವೆ, ರೊಟ್ಟಿ ಹೆಚ್ಚುವುದಿಲ್ಲ. ನಮಗೆ ಅನಿಸುವಂತೆ, ಮೇಲೆ ಇಟ್ಟು ತೋರಿಸುವುದಕ್ಕಿಂತ ಮಗುವಿನ ಪಾಲನ್ನೇ ಹರಿದು ಕೇಳುವುದು ಬೇಗ ತಿಳಿಯುತ್ತದೆ.

ಇದನ್ನು ಪಾಟಿಯ ಮೇಲೆ ಬರೆಯೋಣ. ಅರ್ಧ ಎಂದರೆ 1/2. ಕಾಲು ಎಂದರೆ 1/4. ಕೆಳಗಿನ ಅಂಕಿ ಇಡೀ ರೊಟ್ಟಿಯನ್ನು ಎಷ್ಟು ಸಮ ಪಾಲು ಮಾಡಿದೆವು ಎಂದು ಹೇಳುತ್ತದೆ. ಮೇಲಿನ ಅಂಕಿ ಅದರಲ್ಲಿ ಎಷ್ಟು ಪಾಲು ತಗೊಂಡೆವು ಎಂದು ಹೇಳುತ್ತದೆ. ಎರಡು ಕಾಲು ಎಂದರೆ 2/4. ಆದ್ದರಿಂದ 1/2 ಮತ್ತು 2/4 ಒಂದೇ.

ಇಲ್ಲಿ ಮಕ್ಕಳು ಒಂದು ತಪ್ಪು ಮಾಡುತ್ತಾರೆ. 1/4 ಕ್ಕೆ 1/4 ಕೂಡಿಸು ಎಂದರೆ ಮೇಲಿನದನ್ನೂ ಕೂಡಿಸಿ, ಕೆಳಗಿನದನ್ನೂ ಕೂಡಿಸಿ 2/8 ಎಂದು ಬರೆಯುತ್ತಾರೆ. ಬೈಯಬೇಡಿರಿ. ಒಂದು ರೊಟ್ಟಿಯನ್ನು ಎಂಟು ಸಮ ತುಂಡು ಮಾಡಿ, ಎರಡು ತುಂಡು ಎತ್ತಿ ತೋರಿಸಿರಿ. ಅದು ಬರೀ ಒಂದು ಕಾಲು. ಕಾಲಿಗೆ ಕಾಲು ಕೂಡಿದ ಮೇಲೂ ಕಾಲೇ ಉಳಿಯಿತು ಅಂದರೆ ಹೇಗೆ? ಕೂಡಿಸುವಾಗ ಪಾಲಿನ ಅಳತೆ ಬದಲಾಗುವುದಿಲ್ಲ. ಅದಕ್ಕೇ ಕೆಳಗಿನ 4 ಹಾಗೇ ಇರುತ್ತದೆ.

ಇನ್ನೊಂದು ಮಾತು. ಎರಡೂ ಒಂದೇ ರೊಟ್ಟಿಯ ಪಾಲಾಗಿರಬೇಕು, ಇಲ್ಲವೇ ಸಮ ಅಳತೆಯ ರೊಟ್ಟಿಗಳ ಪಾಲಾಗಿರಬೇಕು. ಸಣ್ಣ ರೊಟ್ಟಿಯ ಅರ್ಧ ಅಕ್ಕನಿಗೆ, ದೊಡ್ಡ ರೊಟ್ಟಿಯ ಎರಡು ಕಾಲು ತಮ್ಮನಿಗೆ ಕೊಟ್ಟರೆ ಅಕ್ಕನ ಜಗಳ ಖರೇನೇ. ಅಲ್ಲಿ ತಮ್ಮನಿಗೆ ಹೆಚ್ಚು ಹೋಗಿದೆ.

ರೊಕ್ಕದಲ್ಲೂ ಈ ಲೆಕ್ಕ ಹಳೆಯದು. 1957 ರಲ್ಲಿ ಹೊಸ ಪೈಸೆ ಬರುವ ತನಕ ರೂಪಾಯಿಗೆ 16 ಆಣೆ ಇದ್ದವು. ಕಾಲು ರೂಪಾಯಿ ನಾಕಾಣೆ, ಅರ್ಧ ರೂಪಾಯಿ ಎಂಟಾಣೆ. ಎರಡು ನಾಕಾಣೆ ಕೊಟ್ಟರೂ ಒಂದು ಎಂಟಾಣೆ ಕೊಟ್ಟರೂ ಅಷ್ಟೇ. ಆಮೇಲೆ ಬಂದ 25 ಪೈಸೆಯನ್ನೂ ಜನ ನಾಕಾಣೆ ಎಂದೇ ಕರೆದರು. ಆ ನಾಣ್ಯ 2011 ರ ಜೂನ್ 30 ಕ್ಕೆ ನಿಂತುಹೋಯಿತು. ಇವತ್ತಿನ ಮಕ್ಕಳಿಗೆ ಅದನ್ನು ತೋರಿಸಲು ಸಿಗುವುದು ಕಷ್ಟ. ಅಂಗಡಿಯ ತಕ್ಕಡಿಯಂತೂ ಇದೆ. ಪಾವ್ ಕಿಲೋ ಎಂದರೆ 250 ಗ್ರಾಂ. ಎರಡು ಪಾವ್ ಕಿಲೋ ಸಕ್ಕರೆ ಒಂದು ಕಡೆ, 500 ಗ್ರಾಂ ಕಲ್ಲು ಇನ್ನೊಂದು ಕಡೆ ಇಟ್ಟರೆ ತಕ್ಕಡಿ ಸಮ ನಿಲ್ಲುತ್ತದೆ. ಬೆಲೆಯ ಮಾತು ಬೇರೆ. ಎರಡು ಸಣ್ಣ ಪುಡಿಕೆಗೆ ಅಂಗಡಿಯವ ಒಂದು ರೂಪಾಯಿ ಹೆಚ್ಚು ಕೇಳಬಹುದು, ಆದರೆ ಸಕ್ಕರೆ ಅಷ್ಟೇ ಇರುತ್ತದೆ.

ಮರುದಿನ ಆ ಹುಡುಗಿ ತಾನೇ ಒಂದು ರೊಟ್ಟಿ ಮಡಚಿ ಮಡಚಿ ಎಂಟು ಮಾಡಿದಳು. “ಯವ್ವಾ, ಈಗ ನನ್ನ ಅರ್ಧ ಪಾಲಿಗೆ ಎಷ್ಟ ಬರತಾವ?” ಎಂದಳು. ತಾಯಿ ಹೇಳಲಿಲ್ಲ. ಒಂದು ಅರ್ಧ ರೊಟ್ಟಿ ಅವಳ ಮುಂದೆ ಇಟ್ಟಳು. ಹುಡುಗಿ ಅದರ ಮೇಲೆ ಒಂದೊಂದೇ ತುಂಡು ಜೋಡಿಸಿದಳು. ನಾಲ್ಕಕ್ಕೆ ಅರ್ಧ ತುಂಬಿತು.