ಒತ್ತು ಎಲ್ಲಿ ಬೀಳಬೇಕು? ಯಂತ್ರದ ದನಿಯೂ ಕನ್ನಡದ ನಿರೂಪಣೆಯೂ

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸುವುದು ಹೇಗೆ ಎಂಬ ಮೂರು ನಿಮಿಷದ ವಿಡಿಯೊ ಮಾಡಬೇಕಾಗಿದೆ ಎಂದಿಟ್ಟುಕೊಳ್ಳಿ. ದೃಶ್ಯಗಳು ಸಿದ್ಧವಾಗಿವೆ, ಬರಹವೂ ಕೈಯಲ್ಲಿದೆ. ಉಳಿದಿರುವುದು ದನಿ ಒಂದೇ. ಯಾರಾದರೂ ಮೈಕ್ ಮುಂದೆ ಕೂತು ಓದಬೇಕು, ಇಲ್ಲವೇ ಬರಹವನ್ನು ಕಂಪ್ಯೂಟರಿಗೆ ಕೊಟ್ಟು ಅದರಿಂದಲೇ ಓದಿಸಬೇಕು.

ಈಗಿನ ಯಂತ್ರದ ದನಿಗಳನ್ನು ಒಂದೇ ವಾಕ್ಯ ಕೇಳಿ ನೋಡಿದರೆ ಕಳಪೆ ಎನ್ನುವಂತಿಲ್ಲ. ಮೈಕ್ರೋಸಾಫ್ಟ್‌ನ ಸೇವೆಯಲ್ಲಿ `kn-IN-SapnaNeural` ಎಂಬ ಹೆಣ್ಣುದನಿ, `kn-IN-GaganNeural` ಎಂಬ ಗಂಡುದನಿ ಇವೆ. ಗೂಗಲ್‌ನಲ್ಲೂ ಕನ್ನಡ ದನಿಗಳಿವೆ. ಮದ್ರಾಸ್ ಐಐಟಿಯ ಎಐ4ಭಾರತ್ ತಂಡ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳ ದನಿಮಾದರಿಗಳನ್ನು ಮುಕ್ತವಾಗಿ ಕೊಟ್ಟಿದೆ. ಕಂಠ ಇಂಪಾಗಿಯೇ ಇರುತ್ತದೆ, ಉಚ್ಚಾರಣೆಯೂ ಬಹುತೇಕ ಸರಿ. ಆದರೂ ಒಂದು ನಿಮಿಷ ಕಳೆಯುವಷ್ಟರಲ್ಲಿ ಕೇಳುಗನ ಗಮನ ಜಾರುತ್ತದೆ. ಯಾವ ಮಾತು ಮುಖ್ಯ, ಯಾವುದು ಅಲ್ಲ ಎಂಬುದು ಯಂತ್ರಕ್ಕೆ ತಿಳಿಯದಿರುವುದೇ ಇದಕ್ಕೆ ಕಾರಣ. ಪ್ರತಿ ವಾಕ್ಯವೂ ಒಂದೇ ಎತ್ತರದಲ್ಲಿ ಶುರುವಾಗಿ ಒಂದೇ ರೀತಿ ಇಳಿಯುತ್ತದೆ.

ನಮ್ಮ ವಿಡಿಯೊದಲ್ಲಿ ತಪ್ಪಿದರೆ ಕೆಲಸವೇ ಕೆಡುವ ಮಾತೊಂದಿದೆ. 1 ಕೆ.ಜಿ. ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, 1 ಕೆ.ಜಿ. ಸುಣ್ಣವನ್ನು ಇನ್ನೊಂದು 50 ಲೀಟರ್ ನೀರಿನಲ್ಲಿ ಬೇರೆಬೇರೆಯಾಗಿ ಕರಗಿಸಬೇಕು. ಆಮೇಲೆ ತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯಬೇಕು. ಇದನ್ನು ತಲೆಕೆಳಗು ಮಾಡಿದರೆ ಗಸಿ ಬೇಗ ತಳಕ್ಕಿಳಿದು ದ್ರಾವಣ ಕೆಡುತ್ತದೆ. ಅನುಭವಿ ನಿರೂಪಕ ಈ ಜಾಗಕ್ಕೆ ಬಂದಾಗ ತಾನಾಗಿಯೇ ನಿಧಾನಿಸುತ್ತಾನೆ, ‘ಸುಣ್ಣದ ನೀರಿಗೆ’ ಎಂಬಲ್ಲಿ ದನಿಯನ್ನು ತುಸು ಒತ್ತುತ್ತಾನೆ, ಹೇಳಿ ಮುಗಿಸಿ ಅರೆಕ್ಷಣ ನಿಲ್ಲುತ್ತಾನೆ. ಯಂತ್ರ ಇದನ್ನೂ ‘ಎಲ್ಲರಿಗೂ ನಮಸ್ಕಾರ’ವನ್ನೂ ಒಂದೇ ಧಾಟಿಯಲ್ಲಿ ಓದಿ ಮುಂದೆ ಹೋಗುತ್ತದೆ.

ಹಾಗಾಗಿ ಯಂತ್ರದಿಂದ ಓದಿಸುವುದಾದರೂ ಮೊದಲು ನೀವೇ ಒಮ್ಮೆ ಓದಿ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡರೆ ಸಾಕು, ಅದನ್ನು ಯಾರಿಗೂ ಕೇಳಿಸಬೇಕಾಗಿಲ್ಲ. ಆಮೇಲೆ ಬರಹದ ಪ್ರತಿಯನ್ನು ಎದುರಿಗಿಟ್ಟುಕೊಂಡು ಆ ರೆಕಾರ್ಡಿಂಗ್ ಕೇಳುತ್ತಾ ಹೋಗಿ. ಉಸಿರು ತೆಗೆದುಕೊಂಡ ಕಡೆ ಒಂದು ಗೆರೆ ಎಳೆಯಿರಿ, ದನಿ ಏರಿದ ಪದದ ಕೆಳಗೆ ಇನ್ನೊಂದು. ನಾಲಿಗೆ ತೊಡರಿದ ಜಾಗಕ್ಕೆ ಸುತ್ತು ಹಾಕಿ. ನಿಮ್ಮ ನಾಲಿಗೆ ತೊಡರಿದ ವಾಕ್ಯವನ್ನು ಯಂತ್ರ ತೊಡರದೆ ಓದಿಬಿಡಬಹುದು. ಆದರೆ ಕೇಳುವವರ ಕಿವಿ ಅಲ್ಲೇ ತೊಡರುತ್ತದೆ, ಆ ವಾಕ್ಯವನ್ನು ಒಡೆದು ಬರೆಯಲೇಬೇಕು.

ಒತ್ತು ಕೊಡುವ ಕೆಲಸವನ್ನು ಯಂತ್ರದ ಮೇಲೆ ಹೊರಿಸುವುದಕ್ಕಿಂತ ಕನ್ನಡದ ವ್ಯಾಕರಣಕ್ಕೇ ವಹಿಸುವುದು ಮೇಲು. ನಮ್ಮ ಭಾಷೆಯಲ್ಲಿ ಒತ್ತು ಬರೀ ದನಿಯಲ್ಲಿರುವುದಿಲ್ಲ, ಪದದ ಕೊನೆಯ ‘ಏ’ಕಾರದಲ್ಲಿರುತ್ತದೆ, ಪದಗಳು ನಿಲ್ಲುವ ಜಾಗದಲ್ಲಿಯೂ ಇರುತ್ತದೆ. ‘ತುತ್ತದ ದ್ರಾವಣವನ್ನು ಸುಣ್ಣದ ದ್ರಾವಣಕ್ಕೆ ಸೇರಿಸತಕ್ಕದ್ದು’ ಎಂಬ ಸಾಲು ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ, ಕಿವಿಯಲ್ಲಿ ಮಾತ್ರ ನಿಲ್ಲುವುದಿಲ್ಲ. ಅದನ್ನು ಹೀಗೆ ಬರೆದು ನೋಡಿ: ‘ದೊಡ್ಡ ಡ್ರಮ್ಮಿನಲ್ಲಿ ಮೊದಲು ಸುಣ್ಣದ ನೀರು ಇರಲಿ. ಅದಕ್ಕೆ ತುತ್ತದ ನೀರನ್ನು ನಿಧಾನವಾಗಿ ಸುರಿಯಿರಿ. ಸುಣ್ಣವನ್ನು ತುತ್ತಕ್ಕೆ ಸುರಿಯಬಾರದು, ತುತ್ತವನ್ನೇ ಸುಣ್ಣಕ್ಕೆ ಸುರಿಯಬೇಕು.’ ಈಗ ಯಂತ್ರ ಎಷ್ಟೇ ಸಪಾಟಾಗಿ ಓದಿದರೂ ಅರ್ಥ ಕೈತಪ್ಪುವುದಿಲ್ಲ. ಒಂದು ಉದ್ದದ ವಾಕ್ಯ ಹೋಗಿ ಗಿಡ್ಡ, ಗಿಡ್ಡ, ಉದ್ದ ಎಂದಾಗಿರುವುದರಿಂದ ಇಳಿಯುವ ರಾಗವೂ ಒಂದೇ ಸಮನೆ ಮರುಕಳಿಸುವುದಿಲ್ಲ.

ಹಾಗೆಂದು ಪೂರ್ತಿ ಆಡುಮಾತಿಗೆ ಇಳಿಸುವುದೂ ಬೇಡ. ಈ ದನಿಗಳನ್ನು ಹೆಚ್ಚಾಗಿ ಬರಹದ ಕನ್ನಡವನ್ನು ಓದಿಸಿ ತಯಾರಿಸಿರುತ್ತಾರೆ. ‘ಹೊಡೀಬೇಕ್ರೀ’, ‘ಹಾಕ್ಬಿಡಿ’ ಎಂದು ಬರೆದುಕೊಟ್ಟರೆ ಅಕ್ಷರವನ್ನೇನೋ ಓದುತ್ತವೆ, ಆದರೆ ಧಾರವಾಡದ ರಾಗವೂ ಬರುವುದಿಲ್ಲ, ಮಲೆನಾಡಿನದೂ ಬರುವುದಿಲ್ಲ. ‘ಸುರಿಯಿರಿ’, ‘ಹಾಕಿ’, ‘ನೋಡಿಕೊಳ್ಳಿ’ ಎಂಬಂಥ ನಡುದಾರಿಯ ರೂಪಗಳು ಯಂತ್ರದ ಬಾಯಲ್ಲಿ ಚೆನ್ನಾಗಿ ಹೊಂದುತ್ತವೆ.

ಅಂಕಿ ಮತ್ತು ಸಂಕ್ಷಿಪ್ತ ರೂಪಗಳನ್ನು ಬಿಡಿಸಿ ಬರೆಯುವುದು ಬೇಸರದ ಕೆಲಸ, ಆದರೂ ಬಿಡುವಂತಿಲ್ಲ. ‘ಕೆ.ಜಿ.’ಯ ಚುಕ್ಕಿಯನ್ನು ವಾಕ್ಯ ಮುಗಿದ ಗುರುತೆಂದು ತಿಳಿದು ಯಂತ್ರ ಅಲ್ಲೇ ನಿಂತುಬಿಡಬಹುದು. ‘40-45 ದಿನ’ದ ನಡುವಿನ ಗೆರೆಯನ್ನು ಹೇಗೆ ಓದುತ್ತದೆಂಬ ಭರವಸೆಯಿಲ್ಲ. ‘2019ರಲ್ಲಿ’ ಎಂಬುದು ‘ಹತ್ತೊಂಬತ್ತರಲ್ಲಿ’ ಆಗದೆ ‘ಹತ್ತೊಂಬತ್ತು, ರಲ್ಲಿ’ ಎಂದು ತುಂಡಾಗಬಹುದು. ಓದಿಸುವ ಪ್ರತಿಯಲ್ಲಿ ‘ಒಂದು ಕಿಲೋ’, ‘ನಲವತ್ತರಿಂದ ನಲವತ್ತೈದು ದಿನ’, ‘ಶೇಕಡಾ ಒಂದರ ದ್ರಾವಣ’ ಎಂದೇ ಇರಲಿ. ‘ಫ’ ಅಕ್ಷರದ ಮೇಲೂ ಕಣ್ಣಿಡಿ. ‘ಫಂಗಸ್’ನ ಫಕಾರವೂ ‘ಫಲ’ದ ಮಹಾಪ್ರಾಣವೂ ಬರಹದಲ್ಲಿ ಒಂದೇ ಆಗಿರುವುದರಿಂದ ಯಂತ್ರ ಎರಡನ್ನೂ ಒಂದೇ ರೀತಿ ನುಡಿದುಬಿಡಬಹುದು. ಹಾಗಾದರೆ ‘ಫಲ’ದ ಬದಲು ‘ಕಾಯಿ’ ಎಂದು ಬರೆದು ತೊಡಕನ್ನೇ ತಪ್ಪಿಸಬಹುದು.

ಇಷ್ಟಾದ ಮೇಲೆ ನಿಲುಗಡೆ. ಎಸ್‌ಎಸ್‌ಎಂಎಲ್ ಎಂಬ ಗುರುತುಗಳನ್ನು ಬಳಸಿ ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕು, ಎಲ್ಲಿ ನಿಧಾನಿಸಬೇಕು ಎಂದು ಯಂತ್ರಕ್ಕೆ ಹೇಳಬಹುದು. ಮೈಕ್ರೋಸಾಫ್ಟ್‌ನ ದನಿಗೆ ನಮ್ಮ ಸಾಲುಗಳನ್ನು ಕೊಡುವುದು ಹೀಗೆ:

```
<speak version="1.0" xmlns="http://www.w3.org/2001/10/synthesis" xml:lang="kn-IN">
<voice name="kn-IN-SapnaNeural">
ಅದಕ್ಕೆ ತುತ್ತದ ನೀರನ್ನು ನಿಧಾನವಾಗಿ ಸುರಿಯಿರಿ.
<break time="500ms"/>
<prosody rate="-10%">ಸುಣ್ಣವನ್ನು ತುತ್ತಕ್ಕೆ ಸುರಿಯಬಾರದು, ತುತ್ತವನ್ನೇ ಸುಣ್ಣಕ್ಕೆ ಸುರಿಯಬೇಕು.</prosody>
</voice>
</speak>
```

`500ms` ಎಂದರೆ ಅರ್ಧ ಸೆಕೆಂಡು. ನಿಮ್ಮ ಫೋನ್ ರೆಕಾರ್ಡಿಂಗಿನಲ್ಲಿ ಗೆರೆ ಎಳೆದ ಕಡೆಗಳಲ್ಲಿ ಮಾತ್ರ ಇದನ್ನು ಹಾಕಿ. ಪ್ರತಿ ವಾಕ್ಯದ ಕೊನೆಗೂ ಅಷ್ಟೇ ನಿಲುಗಡೆ ಕೊಟ್ಟರೆ ಹಳೆಯ ಏಕತಾನತೆ ಇನ್ನೊಂದು ರೂಪದಲ್ಲಿ ಮರಳಿ ಬರುತ್ತದೆ. ವೇಗವನ್ನೂ ಹತ್ತರ ಆಸುಪಾಸಿಗಿಂತ ಹೆಚ್ಚು ತಗ್ಗಿಸಬೇಡಿ, ತಗ್ಗಿಸಿದರೆ ಸ್ವರಗಳು ಎಳೆದಂತೆ ಕೇಳುತ್ತವೆ. ಯಂತ್ರದ ವಾಕ್ಯಗಳ ನಡುವಿನ ಮೌನದಲ್ಲಿ ಏನೂ ಇರುವುದಿಲ್ಲ, ಅದೂ ಕೃತಕತೆಯನ್ನು ಎತ್ತಿ ತೋರಿಸುತ್ತದೆ. ತೋಟದ ಸದ್ದನ್ನು ಅರ್ಧ ನಿಮಿಷ ರೆಕಾರ್ಡ್ ಮಾಡಿ, ಕೇಳಿಯೂ ಕೇಳದಷ್ಟು ಸಣ್ಣಗೆ ಮಾತಿನ ಅಡಿಯಲ್ಲಿ ಇಟ್ಟರೆ ಆ ಖಾಲಿತನ ತುಂಬುತ್ತದೆ.

ಇಷ್ಟೆಲ್ಲ ಪಾಡು ಯಾಕೆ, ಮನುಷ್ಯರೇ ಓದಲಿ ಎನ್ನಿಸಿದರೆ ಅದು ನ್ಯಾಯವೇ. ಮೂರು ನಿಮಿಷದ ನಿರೂಪಣೆಯನ್ನು ಮನೆಯಲ್ಲೇ ರೆಕಾರ್ಡ್ ಮಾಡಬಹುದು. ಫ್ಯಾನ್ ಆರಿಸಿ, ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು ಅದರ ಕಡೆಗೆ ಮುಖ ಮಾಡಿ ಕೂತರೆ ಗೋಡೆಯ ಮಾರ್ದನಿ ತಗ್ಗುತ್ತದೆ. ಮೈಕ್ ಬಾಯಿಂದ ಒಂದು ಗೇಣು ದೂರದಲ್ಲಿ, ನೇರ ಎದುರಿಗಲ್ಲದೆ ತುಸು ಪಕ್ಕಕ್ಕಿರಲಿ. ಇಲ್ಲದಿದ್ದರೆ ‘ಪ’, ‘ಭ’ಗಳ ಗಾಳಿ ಬಡಿದು ಧಡ್ ಎನ್ನುತ್ತದೆ. ಎಲ್ಲಾದರೂ ತಪ್ಪಿದರೆ ಪದವನ್ನಷ್ಟೇ ತಿದ್ದಲು ಹೋಗದೆ ಇಡೀ ವಾಕ್ಯವನ್ನು ಮತ್ತೆ ಓದಿ, ಆಗ ಜೋಡಣೆ ಗೊತ್ತಾಗುವುದಿಲ್ಲ. ಕಷ್ಟ ಎದುರಾಗುವುದು ಆಮೇಲೆ. ಆರು ತಿಂಗಳ ನಂತರ ಒಂದು ಪ್ರಮಾಣ ಬದಲಾಯಿತೆಂದರೆ ಅದೇ ವ್ಯಕ್ತಿಯನ್ನು ಅದೇ ಕೋಣೆಯಲ್ಲಿ ಕೂರಿಸಿ ಓದಿಸಿದರೂ ಹೊಸ ಸಾಲು ಹಳೆಯದರ ಜೊತೆ ಬೆರೆಯುವುದು ಕಷ್ಟ. ಪದೇಪದೇ ಬದಲಾಗುವ ಮಾರುಕಟ್ಟೆ ದರ, ಹವಾಮಾನ ಸೂಚನೆಗಳಿಗೆ ಯಂತ್ರವೇ ಸರಿ. ಕಥೆ, ನೆನಪು, ಸಾವಿನ ಸುದ್ದಿ, ಊರಿನ ಮಾತು ಇರುವ ಕಡೆ ಯಂತ್ರವನ್ನು ಕೂರಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲಿ ದನಿಯ ಸಣ್ಣ ನಡುಕವೂ ಹೇಳಬೇಕಾದ ವಿಷಯದ ಭಾಗವಾಗಿರುತ್ತದೆ, ಅದನ್ನು ಯಾವ ಗುರುತಿನಿಂದಲೂ ತರಲಾಗದು.

ಬೋರ್ಡೋ ವಿಡಿಯೊ ಈ ಎರಡರ ನಡುವೆ ಬರುತ್ತದೆ, ಅದನ್ನು ಪರೀಕ್ಷಿಸಿಯೇ ನಿರ್ಧರಿಸಬೇಕು. ಬರಹವನ್ನು ನೋಡಿರದ ಒಬ್ಬ ಬೆಳೆಗಾರರಿಗೆ ಫೋನಿನ ಸ್ಪೀಕರಿನಲ್ಲೇ, ಚಿತ್ರ ತೋರಿಸದೆ, ಒಮ್ಮೆ ಕೇಳಿಸಿ. ಅವರು ಅಡಿಕೆ ಸುಲಿಯುತ್ತಲೋ ಪಾತ್ರೆ ತೊಳೆಯುತ್ತಲೋ ಇದ್ದರೆ ಇನ್ನೂ ಒಳ್ಳೆಯದು, ಎಷ್ಟೋ ಜನ ಕೇಳುವುದು ಹಾಗೆಯೇ. ಮುಗಿದ ಮೇಲೆ ‘ಯಾವುದನ್ನು ಯಾವುದಕ್ಕೆ ಸುರಿಯಬೇಕು?’ ಎಂದು ಕೇಳಿ. ಅವರು ತಡವರಿಸಿದರೆ ಆ ಭಾಗವನ್ನು ಇನ್ನೊಮ್ಮೆ ಬರೆಯಿರಿ. ಮತ್ತೆಯೂ ತಡವರಿಸಿದರೆ ಆ ಒಂದು ಸಾಲಿಗೆ ಮಾತ್ರ ಮನುಷ್ಯರ ದನಿ ಅಂಟಿಸಲು ಹೋಗಬೇಡಿ, ನಡುವೆ ದನಿ ಬದಲಾದರೆ ಕೇಳುಗ ಬೆಚ್ಚುತ್ತಾನೆ. ಮೂರು ನಿಮಿಷವನ್ನೂ ಒಬ್ಬರಿಂದಲೇ ಓದಿಸಿ.